ರೈಸ್ ಸಾಹೇಬರನ್ನು ಎಲ್ಲಿ ಹುಡುಕುವುದು?

ಬೇಲೂರು ತಾಲ್ಲೂಕಿನ ಕೆರೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಸಂಶೋಧಕಿಯೊಬ್ಬರು ಪ್ರಬಂಧದ ಕೊನೆಯ ಕರಡನ್ನು ನನ್ನ ಮೇಜಿನ ಮೇಲಿಟ್ಟರು. ಆರು ಅಧ್ಯಾಯ ಮುಗಿದಿತ್ತು, ಭಾಷೆ ತಿದ್ದಿಕೊಡಬೇಕಿತ್ತು. ಓದುತ್ತ ಹೋದೆ. ತೂಬು, ಕೋಡಿ, ನೀರುಗಂಟಿಗಳ ಪಾಳಿ, ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗಿ, ಎಲ್ಲವೂ ಚೆನ್ನಾಗಿ ಬಂದಿತ್ತು. ಒಂದು ವಾಕ್ಯದ ಕೊನೆಯಲ್ಲಿ ಆವರಣದೊಳಗೆ ‘ರೈಸ್ 1897’ ಎಂದಿತ್ತು. ಅದು ಯಾವ ಪುಸ್ತಕವೆಂದು ಖಚಿತ ಮಾಡಿಕೊಳ್ಳಲು ಕೊನೆಯ ಗ್ರಂಥಋಣದ ಪುಟಗಳಿಗೆ ಹೋದೆ.

ಅಲ್ಲಿ ಒಂದು ಪಟ್ಟಿಯ ಬದಲು ಏಳು ಪಟ್ಟಿಗಳಿದ್ದವು: ಕನ್ನಡ ಗ್ರಂಥಗಳು, ಇಂಗ್ಲಿಷ್ ಗ್ರಂಥಗಳು, ಲೇಖನಗಳು, ಸರ್ಕಾರಿ ಪ್ರಕಟಣೆಗಳು, ಶಾಸನ ಸಂಪುಟಗಳು, ಪತ್ರಿಕೆಗಳು, ಜಾಲತಾಣಗಳು. ಒಟ್ಟು 112 ನಮೂದು. ರೈಸ್ ಇಂಗ್ಲಿಷಿನಲ್ಲಿ ಬರೆದವರು, ಹಾಗಾಗಿ ಇಂಗ್ಲಿಷ್ ಗ್ರಂಥಗಳ ಪಟ್ಟಿ ನೋಡಿದೆ. ರೈಸ್ ಇದ್ದರು, ಆದರೆ ಅದು 1909ರ ‘ಮೈಸೂರ್ ಅಂಡ್ ಕೂರ್ಗ್ ಫ್ರಮ್ ದ ಇನ್‌ಸ್ಕ್ರಿಪ್ಷನ್ಸ್’. ಶಾಸನ ಸಂಪುಟಗಳ ಪಟ್ಟಿಗೆ ಹೋದೆ. ಅಲ್ಲೂ ರೈಸ್ ಇದ್ದರು, ಅದು 1902ರ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ. ನನಗೆ ಬೇಕಾಗಿದ್ದ 1897 ಕೊನೆಗೆ ಸಿಕ್ಕಿದ್ದು ಸರ್ಕಾರಿ ಪ್ರಕಟಣೆಗಳಲ್ಲಿ. ಅದು ಮೈಸೂರು ಗ್ಯಾಸೆಟಿಯರ್‌ನ ಪರಿಷ್ಕೃತ ಆವೃತ್ತಿ. ಸರ್ಕಾರಕ್ಕಾಗಿ ಸಿದ್ಧಪಡಿಸಿದ ಗ್ರಂಥವಾದ್ದರಿಂದ ಅವರು ಅದನ್ನು ಅಲ್ಲಿ ಸೇರಿಸಿದ್ದರು. ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಕಟ್ಟಿದ ಬಿ.ಎಲ್. ರೈಸ್ ಒಬ್ಬರೇ ಮನುಷ್ಯ. ಈ ಪ್ರಬಂಧದಲ್ಲಿ ಅವರು ಮೂರು ಕಡೆ ಹಂಚಿಹೋಗಿದ್ದರು.

‘ಇದರಲ್ಲಿ ತಪ್ಪೇನಿದೆ ಮೇಷ್ಟ್ರೇ? ನಮ್ಮ ವಿಭಾಗದಲ್ಲಿ ಎಲ್ಲರೂ ಹೀಗೇ ಮಾಡೋದು’ ಎಂದರು ಆಕೆ. ಅವರು ಹೇಳಿದ್ದು ನಿಜ. ನಾನು ನೋಡಿದ ಕನ್ನಡ ಪ್ರಬಂಧಗಳಲ್ಲಿ ಬಹುಪಾಲು ಹೀಗೇ ಇವೆ. ವಿಂಗಡಿಸಿದ ಪಟ್ಟಿ ನೋಡಲು ಅಚ್ಚುಕಟ್ಟಾಗಿರುತ್ತದೆ, ಎಷ್ಟು ಬಗೆಯ ಆಕರ ನೋಡಿದ್ದೇವೆಂದು ಪರೀಕ್ಷಕರಿಗೆ ತಟ್ಟನೆ ಕಾಣುತ್ತದೆ. ಆದರೆ ಆಕರಗಳನ್ನು ಸೂಚಿಸಲು ಆಕೆ ಆರಿಸಿಕೊಂಡ ಪದ್ಧತಿಗೂ ಆ ಏಳು ಪಟ್ಟಿಗಳಿಗೂ ಹೊಂದಾಣಿಕೆ ಇರಲಿಲ್ಲ. ತೊಂದರೆಯೆಲ್ಲ ಅಲ್ಲಿತ್ತು.

ಪಠ್ಯದೊಳಗೆ ನಾವು ಬಿಡುವ ಗುರುತು ಓದುಗನಿಗೆ ಕೊಡುವ ವಿಳಾಸ. ಆ ವಿಳಾಸ ಹಿಡಿದು ಆತ ಕೊನೆಯ ಪಟ್ಟಿಗೆ ಬರುತ್ತಾನೆ. ಲೇಖಕ–ವರ್ಷ ಪದ್ಧತಿಯಲ್ಲಿ ಅವನ ಕೈಯಲ್ಲಿರುವುದು ಎರಡೇ ವಿವರ: ಹೆಸರು ಮತ್ತು ಇಸವಿ. ಅದು ಪುಸ್ತಕವೋ, ಲೇಖನವೋ, ಸರ್ಕಾರದ ವರದಿಯೋ ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನ ಮುಂದೆ ಏಳು ಪಟ್ಟಿ ಇಟ್ಟರೆ ಒಂದೊಂದನ್ನೂ ಹುಡುಕಬೇಕಾಗುತ್ತದೆ. ಆದ್ದರಿಂದ ಈ ಪದ್ಧತಿಗೆ ಎಲ್ಲ ಆಕರಗಳೂ ಅಕಾರಾದಿಯಾಗಿ ಸೇರಿದ ಒಂದೇ ಪಟ್ಟಿ ಬೇಕು.

ಅಡಿಟಿಪ್ಪಣಿ ಪದ್ಧತಿಯ ಲೆಕ್ಕ ಬೇರೆ. ಅಲ್ಲಿ ಪುಟದ ಕೆಳಗೇ ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಟವಾದ ಊರು, ವರ್ಷ, ಪುಟಸಂಖ್ಯೆ ಎಲ್ಲವೂ ಮೊದಲ ಸಲವೇ ಬಂದಿರುತ್ತದೆ. ಓದುಗನಿಗೆ ಬೇಕಾದದ್ದು ಅಲ್ಲೇ ಸಿಕ್ಕಿರುವುದರಿಂದ ಕೊನೆಯ ಪಟ್ಟಿಗೆ ಬೇರೆ ಕೆಲಸ: ಈ ಬರಹ ಯಾವ ಆಕರಗಳ ಮೇಲೆ ನಿಂತಿದೆ ಎಂದು ಒಂದು ನೋಟಕ್ಕೆ ತೋರಿಸುವುದು. ಆ ಕೆಲಸಕ್ಕೆ ವಿಂಗಡಣೆ ನಿಜಕ್ಕೂ ನೆರವಾಗಬಹುದು.

ಶಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ 1906ರಿಂದ ಹೊರತರುತ್ತಿರುವ ‘ಶಿಕಾಗೋ ಮ್ಯಾನ್ಯುಯಲ್ ಆಫ್ ಸ್ಟೈಲ್’ ಈ ಎರಡೂ ಪದ್ಧತಿಗಳನ್ನು ವಿವರಿಸುತ್ತದೆ. ವಿಂಗಡಣೆಯ ವಿಚಾರದಲ್ಲಿ ಎರಡಕ್ಕೂ ಒಂದೇ ನಿಯಮ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಲೇಖಕ–ವರ್ಷ ಪದ್ಧತಿಯ ಪಟ್ಟಿಯನ್ನು ತೀರಾ ವಿಶೇಷ ಕಾರಣವಿಲ್ಲದೆ ಒಡೆಯಬಾರದು. ಟಿಪ್ಪಣಿ ಪದ್ಧತಿಯ ಪಟ್ಟಿಯನ್ನು ಒಡೆಯಬಹುದು, ಆದರೆ ಒಡೆಯುವುದರಿಂದ ಓದುಗನಿಗೆ ಉಪಯೋಗ ಹೆಚ್ಚುವಂತಿದ್ದರೆ ಮಾತ್ರ. ಹಸ್ತಪ್ರತಿ, ಪತ್ರಾಗಾರದ ಕಡತಗಳಂಥ, ಲೇಖಕರ ಹೆಸರಿನ ಅಕಾರಾದಿಗೆ ಒಗ್ಗದ ಆಕರಗಳಿದ್ದಾಗ ಒಡೆಯಬಹುದು. ಎರಡು ಬಗೆಯ ಕೃತಿಗಳ ವ್ಯತ್ಯಾಸ ಓದುಗನಿಗೆ ಥಟ್ಟನೆ ಕಾಣಬೇಕಾದಾಗಲೂ ಒಡೆಯಬಹುದು. ಒಬ್ಬ ಕವಿಯ ಮೇಲೆ ಬರೆದ ಪುಸ್ತಕದಲ್ಲಿ ಆ ಕವಿ ಬರೆದ ಕೃತಿಗಳನ್ನು ಒಂದು ಕಡೆ, ಅವರ ಬಗ್ಗೆ ಇತರರು ಬರೆದದ್ದನ್ನು ಇನ್ನೊಂದು ಕಡೆ ಇಡುವುದು ಇದಕ್ಕೆ ಉದಾಹರಣೆ. ಮುಂದಿನ ಓದಿಗೆ ದಾರಿ ತೋರಿಸುವುದೇ ಪಟ್ಟಿಯ ಉದ್ದೇಶವಾಗಿದ್ದಾಗಲೂ ಆಗಬಹುದು. ಹಾಗೆ ಒಡೆದರೆ ಪಟ್ಟಿಯ ತಲೆಯಲ್ಲಿ ಹೇಗೆ ವಿಂಗಡಿಸಿದ್ದೇವೆಂದು ನಾಲ್ಕು ಸಾಲು ಬರೆಯಬೇಕು. ಒಂದು ಆಕರ ಎರಡು ವಿಭಾಗಗಳಲ್ಲಿ ಕಾಣಿಸಿಕೊಳ್ಳಬಾರದು.

ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರ, ಸಮಾಜಕಾರ್ಯದ ವಿದ್ಯಾರ್ಥಿಗಳು ಬಳಸುವ ಎಪಿಎ ಪದ್ಧತಿಯಲ್ಲಿ ಈ ಆಯ್ಕೆಯೇ ಇಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘ ರೂಪಿಸಿದ ಆ ಪದ್ಧತಿಯ ಏಳನೇ ಆವೃತ್ತಿ 2019ರಲ್ಲಿ ಬಂತು. ಅದರಲ್ಲೂ ಪುಸ್ತಕ, ಲೇಖನ, ಕಾನೂನು, ಜಾಲಪುಟ ಎಲ್ಲವೂ ಒಂದೇ ಅಕಾರಾದಿಯಲ್ಲಿ ಬರಬೇಕು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ವಿಶ್ಲೇಷಿಸುವ ಪ್ರಬಂಧಗಳಲ್ಲಿ, ವಿಶ್ಲೇಷಣೆಗೆ ತೆಗೆದುಕೊಂಡ ಅಧ್ಯಯನಗಳನ್ನು ಬೇರೆಯಾಗಿ ತೋರಿಸಬೇಕಾದಾಗಲೂ ಎಪಿಎ ಪಟ್ಟಿ ಒಡೆಯಲು ಬಿಡುವುದಿಲ್ಲ. ಆ ನಮೂದುಗಳ ಹಿಂದೆ ಒಂದು ನಕ್ಷತ್ರ ಚಿಹ್ನೆ ಹಾಕಿ, ಅದರ ಅರ್ಥ ತಿಳಿಸಿದರೆ ಸಾಕು ಎನ್ನುತ್ತದೆ. ಪಟ್ಟಿ ಒಂದೇ ಉಳಿದು ವಿಂಗಡಣೆಯೂ ಕಾಣುವ ಈ ಉಪಾಯ ನನಗೆ ಬಹಳ ಹಿಡಿಸಿದೆ. ವೈದ್ಯಕೀಯ ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ ವ್ಯಾಂಕೂವರ್ ಪದ್ಧತಿಯಲ್ಲಿ ಆಕರಗಳಿಗೆ ಪಠ್ಯದಲ್ಲಿ ಬಂದ ಕ್ರಮದಲ್ಲೇ 1, 2, 3 ಎಂದು ಸಂಖ್ಯೆ ಬೀಳುತ್ತದೆ. ಅಲ್ಲಿ ಪಟ್ಟಿ ಒಡೆದರೆ ಸಂಖ್ಯೆಗಳ ಸರಪಳಿಯೇ ಹರಿದುಹೋಗುತ್ತದೆ.

ಕಾನೂನು ಬರಹಗಳು ಇದಕ್ಕೆ ತದ್ವಿರುದ್ಧ. ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಆಸ್ಕೋಲಾ ಪದ್ಧತಿಯ ದೀರ್ಘ ಬರಹಗಳಲ್ಲಿ ಮೊಕದ್ದಮೆಗಳಿಗೆ ಒಂದು ಪಟ್ಟಿ, ಶಾಸನಸಭೆ ಮಾಡಿದ ಕಾಯ್ದೆಗಳಿಗೆ ಒಂದು ಪಟ್ಟಿ, ಪುಸ್ತಕ–ಲೇಖನಗಳಿಗೆ ಇನ್ನೊಂದು ಪಟ್ಟಿ ಇರಲೇಬೇಕು. ಅಲ್ಲಿ ಗೊಂದಲವಾಗದಿರುವುದಕ್ಕೆ ಕಾರಣ ವಿಳಾಸದಲ್ಲಿದೆ. ಅಡಿಟಿಪ್ಪಣಿಯಲ್ಲಿ ವಾದಿ–ಪ್ರತಿವಾದಿಗಳ ಹೆಸರು ಕಂಡರೆ ಅದು ಮೊಕದ್ದಮೆ, ‘ಅಧಿನಿಯಮ’ ಎಂದು ಕಂಡರೆ ಅದು ಕಾಯ್ದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಯಾವ ಪಟ್ಟಿಗೆ ಹೋಗಬೇಕೆಂಬುದನ್ನು ಆ ಗುರುತೇ ಹೇಳುತ್ತದೆ.

ಬೇಲೂರಿನ ಕೆರೆಗಳ ಪ್ರಬಂಧಕ್ಕೂ ಇದೇ ಅಳತೆಗೋಲು ಹಿಡಿದೆವು. ಪಠ್ಯದ ಗುರುತು ನೋಡಿದ ಕೂಡಲೇ ಓದುಗನಿಗೆ ಯಾವ ವಿಭಾಗವೆಂದು ತಿಳಿಯುವಂತಿದ್ದರೆ ಮಾತ್ರ ಅದು ಬೇರೆ ವಿಭಾಗವಾಗಲಿ, ಇಲ್ಲವಾದರೆ ಬೇಡ ಎಂದೆ. ಒಂದೊಂದಾಗಿ ನೋಡುತ್ತ ಹೋದೆವು.

ಮೊದಲು ಜಾಲತಾಣಗಳು. ಒಂಬತ್ತು ನಮೂದುಗಳಿದ್ದವು. ತೆರೆದು ನೋಡಿದರೆ ನಾಲ್ಕು ಹಳೆಯ ಮುದ್ರಿತ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು, ಮೂರು ದಿನಪತ್ರಿಕೆಯ ವರದಿಗಳು, ಒಂದು ಸಂಶೋಧನಾ ಪತ್ರಿಕೆಯ ಲೇಖನ. ಜಾಲದಲ್ಲಷ್ಟೇ ಇರುವ ಪುಟವೆಂದರೆ ಸರ್ಕಾರಿ ಇಲಾಖೆಯೊಂದರದು ಮಾತ್ರ. ಸ್ಕ್ಯಾನ್ ಪ್ರತಿ ಓದಿದ ಮಾತ್ರಕ್ಕೆ ಪುಸ್ತಕ ಪುಸ್ತಕವಾಗಿರುವುದು ತಪ್ಪುವುದಿಲ್ಲ. ಅದನ್ನು ಲೇಖಕರ ಹೆಸರಿನಲ್ಲೇ ನಮೂದಿಸಿ, ಕೊನೆಯಲ್ಲಿ ಎಲ್ಲಿ ಸಿಕ್ಕಿತೆಂದು ಹೇಳಬೇಕು. ‘ಜಾಲತಾಣಗಳು’ ಎಂಬ ವಿಭಾಗ ಇತ್ತೀಚಿನ ಪ್ರಬಂಧಗಳಲ್ಲಿ ನಾನು ಕಾಣುವ ಅತಿ ಸಾಮಾನ್ಯ ತಪ್ಪು. ಅದು ಆಕರ ಎಂಥದು ಎನ್ನುವುದನ್ನು ಬಿಟ್ಟು, ಅದು ನಮ್ಮ ಕೈಗೆ ಹೇಗೆ ಬಂತು ಎನ್ನುವುದರ ಮೇಲೆ ವಿಂಗಡಿಸುತ್ತದೆ.

ಲೇಖನಗಳನ್ನೂ ಪುಸ್ತಕಗಳನ್ನೂ ಬೇರ್ಪಡಿಸಿದ್ದರಿಂದ ಇನ್ನೊಂದು ತೊಡಕಾಗಿತ್ತು. ಒಬ್ಬ ವಿದ್ವಾಂಸರ ಒಂದೇ ವರ್ಷದ ಎರಡು ಬರಹಗಳನ್ನು ಆಕೆ ಪಠ್ಯದಲ್ಲಿ 2004ಅ, 2004ಆ ಎಂದು ಗುರುತಿಸಿದ್ದರು. ಪಟ್ಟಿಯಲ್ಲಿ ‘ಅ’ ಪುಸ್ತಕಗಳ ವಿಭಾಗಕ್ಕೆ, ‘ಆ’ ಲೇಖನಗಳ ವಿಭಾಗಕ್ಕೆ ಹೋಗಿತ್ತು. ಲೇಖನಗಳ ಪಟ್ಟಿ ನೋಡುವವನಿಗೆ ‘ಆ’ ಮಾತ್ರ ಕಂಡು, ‘ಅ’ ಬಿಟ್ಟುಹೋಗಿದೆ ಅನ್ನಿಸುತ್ತದೆ. ಪಟ್ಟಿ ಒಂದಾಗಿದ್ದರೆ ಅವೆರಡೂ ಒಂದರ ಕೆಳಗೊಂದು ಕೂರುತ್ತವೆ.

ಕನ್ನಡ ಮತ್ತು ಇಂಗ್ಲಿಷ್ ಗ್ರಂಥಗಳ ವಿಭಜನೆ ನಮ್ಮದೇ ಆದ ಸಮಸ್ಯೆ. ಎರಡು ಲಿಪಿಗಳನ್ನು ಒಂದು ಅಕಾರಾದಿಗೆ ತರುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಎರಡು ಪಟ್ಟಿ. ಅದಕ್ಕೆ ಕಾರಣ ಗಟ್ಟಿಯಾಗಿಯೇ ಇದೆ, ನಾನು ಅದನ್ನು ತಪ್ಪೆನ್ನುವುದಿಲ್ಲ. ಆದರೆ ಕನ್ನಡ ಪ್ರಬಂಧದ ಪಠ್ಯದಲ್ಲಿ ಎಲ್ಲರ ಹೆಸರೂ ಕನ್ನಡ ಲಿಪಿಯಲ್ಲೇ ಬರುತ್ತದೆ. ಸಿ. ಹಯವದನರಾವ್ ಎಂಬ ಹೆಸರು ನೋಡಿ ಅವರ ಗ್ಯಾಸೆಟಿಯರ್ ಇಂಗ್ಲಿಷಿನಲ್ಲಿದೆ ಎಂದು ಹೊಸ ಓದುಗ ಊಹಿಸಲಾರ. ಅದಕ್ಕೆ ನಾವು ಮಾಡಿದ್ದು ಇಷ್ಟು: ಪ್ರತಿ ನಮೂದಿನ ಮೊದಲಲ್ಲಿ ಲೇಖಕರ ಹೆಸರನ್ನು ಪಠ್ಯದಲ್ಲಿರುವಂತೆಯೇ ಕನ್ನಡದಲ್ಲಿ ಬರೆದು, ಪುಸ್ತಕದ ಹೆಸರು ಮತ್ತು ಉಳಿದ ವಿವರಗಳನ್ನು ಪುಸ್ತಕದ ಲಿಪಿಯಲ್ಲೇ ಬಿಟ್ಟೆವು. ಆಗ ಎಲ್ಲವೂ ಕನ್ನಡದ ಒಂದೇ ಅಕಾರಾದಿಗೆ ಬಂದವು. ಇದರಲ್ಲಿ ಒಂದು ಎಚ್ಚರ ಬೇಕು. ಬುಕಾನನ್, ಬುಖಾನನ್, ಬ್ಯುಕಾನನ್ ಎಂದು ಮೂರು ಅಧ್ಯಾಯಗಳಲ್ಲಿ ಮೂರು ಬಗೆ ಬರೆದಿದ್ದರೆ ಪಟ್ಟಿಯಲ್ಲಿ ಆತ ಸಿಗುವುದಿಲ್ಲ. ಹಯವದನರಾಯರನ್ನು ‘ಹ’ದಲ್ಲಿ ಇಡುತ್ತೇವೋ ‘ರ’ದಲ್ಲಿ ಇಡುತ್ತೇವೋ ಎಂಬುದೂ ಮೊದಲೇ ನಿರ್ಧಾರವಾಗಬೇಕು. ನಾವು ‘ಹ’ ಆರಿಸಿಕೊಂಡೆವು, ಏಕೆಂದರೆ ಕನ್ನಡದ ಓದುಗ ಅವರನ್ನು ‘ರಾವ್’ ಎಂದು ಹುಡುಕುವುದಿಲ್ಲ.

ಹೆಚ್ಚು ಹೊತ್ತು ತೆಗೆದುಕೊಂಡದ್ದು ಶಾಸನಗಳು. ಶಾಸನಕ್ಕೆ ಲೇಖಕರ ಹೆಸರಿನ ವಿಳಾಸವಿಲ್ಲ. ಅದರ ವಿಳಾಸ ಸಂಪುಟ, ತಾಲ್ಲೂಕು, ಸಂಖ್ಯೆ: ‘ಎ.ಕ. 5, ಬೇಲೂರು’ ಎಂದು ಬರೆದು ಮುಂದೆ ಶಾಸನದ ಸಂಖ್ಯೆ. ಬೇಲೂರಿನ ಶಾಸನಗಳು ರೈಸರ ಹಳೆಯ ಮಾಲೆಯಲ್ಲಿ 5ನೇ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಮಾಲೆಯಲ್ಲಿ 9ನೇ ಸಂಪುಟದಲ್ಲಿವೆ. ಸಂಪುಟದ ಜೊತೆಗೆ ಶಾಸನಗಳ ಸಂಖ್ಯೆಯೂ ಬದಲಾಗಿದೆ. ಆಕೆ ಕೆಲವು ಕಡೆ ಹಳೆಯದನ್ನು, ಕೆಲವು ಕಡೆ ಹೊಸದನ್ನು ನೋಡಿದ್ದರು, ಪಠ್ಯದಲ್ಲಿ ಮಾತ್ರ ಎಲ್ಲ ಕಡೆ ಬರೀ ‘ಎ.ಕ., ಬೇಲೂರು’ ಎಂದು ಬರೆದಿದ್ದರು. ಹಳೆಯ ಸಂಪುಟದ ಸಂಖ್ಯೆ ಹಿಡಿದು ಹೊಸ ಸಂಪುಟ ತೆರೆದವನಿಗೆ ಬೇರೆಯೇ ಶಾಸನ ಎದುರಾಗುತ್ತದೆ. ಈ ತಪ್ಪನ್ನು ಯಾವ ವಿಂಗಡಣೆಯೂ ತಿದ್ದಲಾರದು, ಸಂಪುಟದ ಅಂಕಿಯನ್ನು ಪ್ರತಿ ಸಲವೂ ಬರೆಯುವುದೊಂದೇ ದಾರಿ. ಅವರು ಒಂದು ವಾರ ಗ್ರಂಥಾಲಯದಲ್ಲಿ ಕೂತು ಪ್ರತಿಯೊಂದನ್ನೂ ಸರಿಮಾಡಿದರು.

ಪ್ರತಿ ಶಾಸನಕ್ಕೂ ಪಟ್ಟಿಯಲ್ಲಿ ಒಂದೊಂದು ನಮೂದು ಬೇಕೇ ಎಂದು ಆಕೆ ಕೇಳಿದರು. ಬೇಡ. ಪಟ್ಟಿಯಲ್ಲಿ ಸಂಪುಟ ಮಾತ್ರ ಬರಲಿ, ಶಾಸನದ ಸಂಖ್ಯೆ ಪಠ್ಯದ ಗುರುತಿನಲ್ಲಿರಲಿ. ಪತ್ರಾಗಾರದ ಕಡತಗಳಿಗೂ ಇದೇ ಮಾತು. ಕರ್ನಾಟಕ ರಾಜ್ಯ ಪತ್ರಾಗಾರ ಎಂಬ ಒಂದು ನಮೂದು ‘ಕ’ ಅಕ್ಷರದಲ್ಲಿ ಬಂದರೆ ಸಾಕು, ಕಡತದ ಸಂಖ್ಯೆಯನ್ನು ಅದನ್ನು ಬಳಸಿದ ಜಾಗದಲ್ಲೇ ಕೊಡಬಹುದು. ಇನ್ನು ಆಕೆ ಊರೂರು ತಿರುಗಿ ಮಾತಾಡಿಸಿದ ನೀರುಗಂಟಿಗಳ ಸಂದರ್ಶನಗಳು. ಅವು ಮುದ್ರಣವಾಗಿಲ್ಲ, ಬೇರೊಬ್ಬರು ಹೋಗಿ ತೆಗೆದು ಓದುವಂತೆಯೂ ಇಲ್ಲ. ಹಾಗೆ ಮತ್ತೊಬ್ಬರ ಕೈಗೆ ಸಿಗದ ಖಾಸಗಿ ಮಾತುಕತೆಯನ್ನು ಎಪಿಎ ಪಟ್ಟಿಗೇ ಸೇರಿಸುವುದಿಲ್ಲ, ಪಠ್ಯದಲ್ಲಿ ಹೇಳಿ ಬಿಡುತ್ತದೆ. ಆದರೆ ಕೆರೆಯ ಚರಿತ್ರೆಗೆ ಆ ಮಾತುಗಳೇ ಜೀವಾಳ, ಅವು ಎಲ್ಲಿಯೂ ದಾಖಲಾಗದೆ ಹೋಗುವುದು ನನಗೆ ಸರಿಕಾಣಲಿಲ್ಲ. ‘ನೋಡಮ್ಮ, ಅದಕ್ಕೊಂದು ಅನುಬಂಧ ಮಾಡು’ ಎಂದೆ. ಊರು, ಕೆರೆ, ಮಾತಾಡಿದ ತಾರೀಕು, ಒಪ್ಪಿಗೆ ಕೊಟ್ಟವರ ಹೆಸರು ಇಷ್ಟನ್ನು ಕೋಷ್ಟಕವಾಗಿ ಹಾಕಿದರು. ಬಳಸಿದ ಶಾಸನಗಳಿಗೂ ಅಂಥದೇ ಕೋಷ್ಟಕ ಮಾಡಿದರು: ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಊರು, ಕೆರೆಯ ಹೆಸರು. ಈ ಅನುಬಂಧ ಗ್ರಂಥಋಣದ ವಿಭಾಗವಲ್ಲ. ಒಂದೇ ಪಟ್ಟಿ ಬೇಕೆನ್ನುವ ಪದ್ಧತಿಯೊಳಗಿದ್ದೂ ವಿಂಗಡಿಸಿ ತೋರಿಸುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇಷ್ಟಾದ ಮೇಲೆ ಉಳಿದದ್ದು ವಿಶ್ವವಿದ್ಯಾಲಯದ ನಿಯಮ. ಮಾರ್ಗಸೂಚಿಯ ಪುಸ್ತಿಕೆಯಲ್ಲಿ ಒಂದು ಪುಟ ಲೇಖಕ–ವರ್ಷ ಪದ್ಧತಿ ಬಳಸಿ ಎಂದಿತ್ತು, ಇನ್ನೊಂದು ಪುಟದ ಮಾದರಿಯಲ್ಲಿ ಗ್ರಂಥಋಣ ಮೂರು ಭಾಗವಾಗಿತ್ತು. ಇಂಥ ಗೊಂದಲ ಎದುರಾದರೆ ಊಹೆ ಮಾಡಬೇಡಿ. ಮಾರ್ಗದರ್ಶಕರನ್ನು ಕೇಳಿ, ಅವರ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಶೈಲಿ ಪುಸ್ತಕ ಏನೇ ಹೇಳಲಿ, ಪ್ರಬಂಧ ಒಪ್ಪಿಕೊಳ್ಳುವ ಸಂಸ್ಥೆಯ ಮಾತೇ ಕೊನೆಯದು. ಆಕೆಯ ಮಾರ್ಗದರ್ಶಕರು ಒಂದೇ ಪಟ್ಟಿಗೆ ಒಪ್ಪಿದರು.

ಕಂಪ್ಯೂಟರಿನ ವಿಚಾರ ಒಂದು ಮಾತು. ಆಕೆ ಬಳಸುತ್ತಿದ್ದ ಝೊಟೆರೊ ತಂತ್ರಾಂಶ ತಾನಾಗಿ ಕೊಡುವುದು ಒಂದೇ ಪಟ್ಟಿ. ಏಳು ವಿಭಾಗ ಮಾಡಲು ಆಕೆ ಪಟ್ಟಿಯನ್ನು ತಂತ್ರಾಂಶದಿಂದ ಬಿಡಿಸಿ, ಕೈಯಲ್ಲಿ ಕತ್ತರಿಸಿ ಅಂಟಿಸಿದ್ದರು. ಆಮೇಲೆ ಅಧ್ಯಾಯಗಳಲ್ಲಿ ಸೇರಿಸಿದ ಹೊಸ ಆಕರಗಳು ಪಟ್ಟಿಗೆ ಬರಲೇ ಇಲ್ಲ. ಎಣಿಸಿದಾಗ ಪಠ್ಯದಲ್ಲಿದ್ದು ಪಟ್ಟಿಯಲ್ಲಿಲ್ಲದ ಆಕರಗಳು ಐದು ಸಿಕ್ಕವು. ವಿಂಗಡಿಸಲೇಬೇಕಿದ್ದರೆ ಅದನ್ನು ಎಲ್ಲ ತಿದ್ದುಪಡಿ ಮುಗಿದ ಮೇಲೆ, ಮೂಲ ಕಡತದ ಪ್ರತಿಯೊಂದನ್ನು ಬೇರೆ ಇಟ್ಟುಕೊಂಡು ಮಾಡಬೇಕು.

ಪಟ್ಟಿ ಸರಿಯಾಗಿದೆಯೇ ಎಂದು ತಿಳಿಯಲು ನನ್ನದೊಂದು ಪರೀಕ್ಷೆ ಇದೆ. ಬೇರೆ ಬೇರೆ ಅಧ್ಯಾಯಗಳಿಂದ ಹತ್ತು ಗುರುತುಗಳನ್ನು ಚೀಟಿಯಲ್ಲಿ ಬರೆದು, ಪ್ರಬಂಧ ಓದದ ಸ್ನೇಹಿತರ ಕೈಗೆ ಪಟ್ಟಿಯ ಜೊತೆ ಕೊಡುವುದು. ಎಷ್ಟನ್ನು ಮೊದಲ ಸಲವೇ ಸರಿಯಾದ ಜಾಗದಲ್ಲಿ ತೆರೆದರು, ಎಷ್ಟಕ್ಕೆ ಎರಡನೆಯ ವಿಭಾಗ ತಿರುವಬೇಕಾಯಿತು ಎಂದು ಪಕ್ಕದಲ್ಲಿ ಕೂತು ಗಮನಿಸುವುದು. ಏಳು ವಿಭಾಗಗಳ ಪಟ್ಟಿಯಲ್ಲಿ ಹತ್ತರಲ್ಲಿ ನಾಲ್ಕು ಮಾತ್ರ ಮೊದಲ ಸಲಕ್ಕೆ ಸಿಕ್ಕವು. ಒಂದೇ ಪಟ್ಟಿಯಲ್ಲಿ ಒಂಬತ್ತು ಸಿಕ್ಕವು. ಸಿಗದ ಒಂದು ಆ ಮೂರು ಬಗೆಯ ಬುಕಾನನ್. ಅದನ್ನು ಅಂದೇ ತಿದ್ದಿದೆವು. ವಿಂಗಡಣೆ ಅತಿಯಾಗಿದೆ ಎನ್ನುವುದಕ್ಕೆ ಇನ್ನೂ ಎರಡು ಲಕ್ಷಣಗಳಿವೆ: ‘ಇತರೆ’ ಎಂಬ ಹೆಸರಿನ ವಿಭಾಗ, ಮತ್ತು ಎರಡು–ಮೂರು ನಮೂದುಗಳಷ್ಟೇ ಇರುವ ವಿಭಾಗ. ಇವೆರಡರಲ್ಲಿ ಒಂದು ಕಂಡರೂ ವಿಂಗಡಣೆಯ ತಳಹದಿಯನ್ನು ಮತ್ತೆ ಯೋಚಿಸಬೇಕು.

ಪದವಿ ಬಂದ ಮೇಲೆ ಪ್ರಕಾಶಕರೊಬ್ಬರು ಪ್ರಬಂಧವನ್ನು ಪುಸ್ತಕ ಮಾಡಲು ಮುಂದೆ ಬಂದರು. ಸಾಮಾನ್ಯ ಓದುಗರಿಗಾಗಿ ಆವರಣದ ಗುರುತುಗಳನ್ನೆಲ್ಲ ತೆಗೆದು ಅಡಿಟಿಪ್ಪಣಿಗೆ ಇಳಿಸಬೇಕೆಂದರು. ಆಕೆ ಫೋನ್ ಮಾಡಿ, ‘ಮೇಷ್ಟ್ರೇ, ಈಗ ವಿಂಗಡಿಸಬಹುದಾ?’ ಎಂದು ಕೇಳಿದರು. ಈಗ ವಿಂಗಡಿಸಬಹುದಿತ್ತು, ವಿಂಗಡಿಸುವುದೇ ಒಳ್ಳೆಯದಾಗಿತ್ತು. ಈ ಕೆರೆಗಳ ಚರಿತ್ರೆ ಎಷ್ಟರಮಟ್ಟಿಗೆ ಕಲ್ಲಿನ ಮೇಲೆ, ಎಷ್ಟರಮಟ್ಟಿಗೆ ಸರ್ಕಾರದ ಕಡತದ ಮೇಲೆ, ಎಷ್ಟರಮಟ್ಟಿಗೆ ಜನರ ನೆನಪಿನ ಮೇಲೆ ನಿಂತಿದೆ ಎಂದು ಪುಸ್ತಕ ಕೊಳ್ಳುವವರಿಗೆ ತಿಳಿಯಬೇಕು. ಏಳರ ಬದಲು ಮೂರು ವಿಭಾಗ ಮಾಡಿದರು: ಕಡತಗಳು ಮತ್ತು ಸಂದರ್ಶನಗಳು, ಶಾಸನ ಸಂಪುಟಗಳು, ಉಳಿದ ಎಲ್ಲ ಮುದ್ರಿತ ಬರಹಗಳು. ಹಾಸನ ಸಂಪುಟವನ್ನು ಸಂಪಾದಕ ರೈಸರ ಹೆಸರಿನಲ್ಲಿ ಇಡುವ ಬದಲು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಮಾಲೆಯ ಹೆಸರಿನಲ್ಲೇ ಇಟ್ಟರು, ಏಕೆಂದರೆ ಟಿಪ್ಪಣಿಗಳಲ್ಲಿ ಅದು ‘ಎ.ಕ. 5’ ಎಂದೇ ಬರುತ್ತದೆ.

ಪುಸ್ತಕದ ಪ್ರತಿ ನನ್ನ ಕಪಾಟಿನಲ್ಲಿದೆ. ಗ್ರಂಥಋಣದ ಮೊದಲ ಪುಟದಲ್ಲಿ ವಿಂಗಡಣೆಯ ಕ್ರಮ ತಿಳಿಸುವ ನಾಲ್ಕು ಸಾಲಿದೆ. ಮುದ್ರಿತ ಬರಹಗಳ ವಿಭಾಗದಲ್ಲಿ, ‘ರ’ ಅಕ್ಷರದ ಕೆಳಗೆ, ರೈಸರ 1897 ಮತ್ತು 1909ರ ಪುಸ್ತಕಗಳು ಒಂದರ ಕೆಳಗೊಂದು ಇವೆ.